ನಾಲ್ಕು ತಟ್ಟೆಗೆ ಒಂದು ಬಾಟಲಿ: ರೆಸ್ಟೋರೆಂಟಿನ ವೈನ್ ಪಟ್ಟಿ ಓದುವ ಬಗೆ

ಮೇಜಿನ ಸುತ್ತ ನಾಲ್ಕು ಜನ ಕೂತಿದ್ದಾರೆ. ಒಬ್ಬರು ನಿಂಬೆರಸ ಹಿಂಡಿದ ಸುಟ್ಟ ಮೀನು ಹೇಳಿದ್ದಾರೆ, ಇನ್ನೊಬ್ಬರು ಬೆಣ್ಣೆಯಲ್ಲಿ ಬಾಡಿಸಿದ ಅಣಬೆ. ಮೂರನೆಯವರದು ನಿಧಾನವಾಗಿ ಬೇಯಿಸಿದ ಕುರಿಮಾಂಸ, ನಾಲ್ಕನೆಯವರದು ಮೆಣಸಿನಕಾಯಿ ಧಾರಾಳವಾಗಿ ಹಾಕಿದ ಕೋಳಿ. ಅಷ್ಟರಲ್ಲಿ ವೈನ್ ಪಟ್ಟಿ ಬರುತ್ತದೆ, ಯಾರೋ ಅದನ್ನು ನಿಮ್ಮ ಕಡೆ ಸರಿಸುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು ನಾಲಿಗೆಯದು, ಇನ್ನೊಂದು ದುಡ್ಡಿನದು. ಸಾಮಾನ್ಯವಾಗಿ ನಾವು ದುಡ್ಡಿನಿಂದ ಶುರು ಮಾಡುತ್ತೇವೆ, ಬಲಗಡೆಯ ಅಂಕಿಗಳ ಸಾಲನ್ನು ಮೇಲಿಂದ ಕೆಳಗೆ ನೋಡುತ್ತೇವೆ. ನಾಲಿಗೆಯಿಂದ ಶುರು ಮಾಡಿದರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಉದುರಿಹೋಗುತ್ತದೆ, ಉಳಿದ ನಾಲ್ಕೈದು ಸಾಲುಗಳಲ್ಲಿ ಬೆಲೆ ನೋಡುವುದು ಸುಲಭ.

ವರ್ಷಗಳ ಹಿಂದೆ ಇಂಥದೇ ಒಂದು ಊಟದಲ್ಲಿ ನಾನು ಆರಿಸಿದ್ದು ದಪ್ಪ, ಗಾಢವಾದ ಕಬರ್ನೆ ಸೊವಿನ್ಯೋಂ. ಮಾಂಸದ ಖಾದ್ಯವೇ ಆ ಊಟದಲ್ಲಿ ದೊಡ್ಡದು, ಅದಕ್ಕೆ ತಕ್ಕ ವೈನ್ ಇರಲಿ ಎಂದು ಲೆಕ್ಕ ಹಾಕಿದ್ದೆ. ಮಾಂಸ ತಿಂದವರಿಗೆ ಹಿಡಿಸಿತು. ಮೀನು ತಿನ್ನುತ್ತಿದ್ದ ಗೆಳತಿ ಎರಡು ಗುಟುಕಿನ ನಂತರ ಗ್ಲಾಸ್ ಪಕ್ಕಕ್ಕಿಟ್ಟು, “ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಾಗ್ತಿದೆ” ಅಂದಳು. ಮೀನು ಹಳಸಿದೆಯೇನೋ ಎಂದು ಎಲ್ಲರಿಗೂ ಅನುಮಾನ. ಅದು ತಾಜಾ ಆಗಿಯೇ ಇತ್ತು.

ಅವಳ ಮಾತು ಅಕ್ಷರಶಃ ನಿಜ ಎಂದು ನನಗೆ ಗೊತ್ತಾದದ್ದು ಆಮೇಲೆ. 2009ರಲ್ಲಿ ಜಪಾನಿನ ಸಂಶೋಧಕರು ಹಲವಾರು ವೈನ್‌ಗಳನ್ನು ಸಮುದ್ರದ ಚಿಪ್ಪುಜೀವಿಯ ಮಾಂಸದ ಜೊತೆ ರುಚಿ ನೋಡಿಸಿ, ಬಾಯಲ್ಲಿ ಉಳಿಯುವ ಕೆಟ್ಟ ಮೀನುವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣ ಎಂದು ತೋರಿಸಿದರು. ಕಬ್ಬಿಣ ಹೆಚ್ಚಿದ್ದಷ್ಟೂ ವಾಸನೆ ಹೆಚ್ಚು. ಕಬ್ಬಿಣವನ್ನು ಕಟ್ಟಿಹಾಕುವ ವಸ್ತು ಸೇರಿಸಿದಾಗ ಆ ವಾಸನೆ ಕುಗ್ಗಿತು. ಇದರ ಜೊತೆಗೆ ಟ್ಯಾನಿನ್ ಬೇರೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಕೆಂಪು ವೈನಿಗೆ ಇಳಿಯುವ ಒಗರು ಅದು. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹೇಗೆ ಬಿಗಿಯುತ್ತದೋ ಹಾಗೆ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಮಾಂಸದ ಪ್ರೋಟೀನು, ಕೊಬ್ಬು ಜೊತೆಗಿದ್ದರೆ ಈ ಒಗರು ಮೆತ್ತಗಾಗುತ್ತದೆ. ಮೀನಿನಂಥ ತೆಳು ಖಾದ್ಯದ ಜೊತೆ ಅದಕ್ಕೆ ಹಿಡಿಯಲು ಏನೂ ಸಿಗದೆ ನಾಲಿಗೆಯನ್ನೇ ಹಿಡಿಯುತ್ತದೆ.

ಮಿಶ್ರ ಊಟದ ಮೇಜಿಗೆ ನಾನು ಪಾಲಿಸುವ ನಿಯಮ ಹುಟ್ಟಿದ್ದು ಇಲ್ಲಿಂದ. ದೊಡ್ಡ ಖಾದ್ಯಕ್ಕಲ್ಲ, ತಕರಾರು ಮಾಡುವ ಖಾದ್ಯಕ್ಕೆ ವೈನ್ ಆರಿಸಬೇಕು. ನಮ್ಮ ನಾಲ್ಕು ತಟ್ಟೆಗಳನ್ನೇ ನೋಡಿ. ಕುರಿಮಾಂಸ ಉದಾರಿ. ಒಗರಿನ ವೈನ್ ಕೊಟ್ಟರೂ ಸರಿ, ಹಗುರದ್ದು ಕೊಟ್ಟರೂ ಸರಿ, ಯಾವುದನ್ನೂ ಕೆಡಿಸುವುದಿಲ್ಲ. ಅಣಬೆಯಲ್ಲಿ ಮಾಂಸದ ಸಾರಿನಂಥ ಗಾಢ ರುಚಿ ಇದೆ, ಆ ರುಚಿ ವೈನಿನ ಒಗರನ್ನೂ ಕಹಿಯನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಅದಕ್ಕೆ ಒಗರು ಕಡಿಮೆ ಬೇಕು. ನಿಂಬೆ ಹಿಂಡಿದ ಮೀನಿಗೆ ಒಗರು ಬೇಡವೇ ಬೇಡ, ಹುಳಿ ಮಾತ್ರ ಬೇಕೇ ಬೇಕು. ತಿನಿಸಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯಾಗಿ, ನೀರು ಬೆರೆಸಿದಂತೆ ಅನ್ನಿಸುತ್ತದೆ. ಇನ್ನು ಖಾರದ ಕೋಳಿ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಒಗರೂ ಅದಕ್ಕೆ ಕೈಜೋಡಿಸುತ್ತದೆ. ಶೇ. 15ರ ಕೆಂಪು ವೈನ್ ಆ ಕೋಳಿಯ ಜೊತೆ ಬಾಯಿಗೆ ಬೆಂಕಿ ಹಚ್ಚುತ್ತದೆ. ಆಲ್ಕೋಹಾಲ್ ಕಡಿಮೆ ಇರುವ, ಸ್ವಲ್ಪ ಸಿಹಿ ಉಳಿದಿರುವ, ತಣ್ಣಗಿನ ವೈನ್ ಆ ಉರಿಯನ್ನು ಇಳಿಸುತ್ತದೆ.

ಅಂದರೆ ತಕರಾರಿನವರು ಇಬ್ಬರು, ಮೀನು ಮತ್ತು ಖಾರ. ಅವರಿಬ್ಬರೂ ಒಪ್ಪುವುದು ಹುಳಿ ಚೆನ್ನಾಗಿರುವ, ಒಗರು ಕಡಿಮೆ ಇರುವ, ಆಲ್ಕೋಹಾಲ್ ಹದವಾಗಿರುವ ವೈನನ್ನು. ಮುಂದಿನ ಹುಡುಕಾಟವೆಲ್ಲ ಇದನ್ನೇ ಹಿಡಿದು.

ಈಗ ಪಟ್ಟಿ. ಉದಾಹರಣೆಗೆ ಒಂದು ಚಿಕ್ಕ ಪಟ್ಟಿಯನ್ನು ನಾನೇ ಕಟ್ಟುತ್ತೇನೆ. ತಯಾರಕರ ಹೆಸರು, ದ್ರಾಕ್ಷಿ ಕೊಯ್ದ ವರ್ಷಗಳನ್ನು ಬಿಟ್ಟಿದ್ದೇನೆ. ಅಂಕಿಗಳು ಯಾವ ದೇಶದ ಹಣವೂ ಅಲ್ಲ, ಒಂದಕ್ಕೊಂದು ಹೋಲಿಸುವುದಕ್ಕಷ್ಟೇ.

ಬಿಳಿ
ಪಿನೋ ಗ್ರೀಜಿಯೋ, ಇಟಲಿ: 300 (ಗ್ಲಾಸಿಗೆ 80)
ಮಸ್ಕಡೆ, ಲ್ವಾರ್: 360
ರೀಸ್ಲಿಂಗ್ ಕಬಿನೆಟ್, ಮೋಸೆಲ್: 440
ಸಾನ್ಸೆರ್, ಲ್ವಾರ್: 720

ಕೆಂಪು
ಮೆರ್ಲೋ, ಚಿಲಿ: 300 (ಗ್ಲಾಸಿಗೆ 80)
ಮಾಲ್ಬೆಕ್, ಮೆಂಡೋಜಾ: 480 (ಗ್ಲಾಸಿಗೆ 120)
ಮೊರ್ಗೋನ್, ಬೋಜೊಲೆ: 500
ಕಬರ್ನೆ ಸೊವಿನ್ಯೋಂ, ನಾಪಾ: 900
ಬರೋಲೋ, ಪೀಡ್‌ಮಾಂಟ್: 1,200

ಇದನ್ನು ನೋಡಿದ ಕೂಡಲೇ ಎದುರಾಗುವ ತೊಡಕೆಂದರೆ, ಕೆಲವು ಸಾಲುಗಳಲ್ಲಿ ದ್ರಾಕ್ಷಿಯ ಹೆಸರಿದೆ, ಕೆಲವುಗಳಲ್ಲಿ ಊರಿನ ಹೆಸರು ಮಾತ್ರ. ಮೆರ್ಲೋ, ಮಾಲ್ಬೆಕ್, ರೀಸ್ಲಿಂಗ್ ಇವೆಲ್ಲ ದ್ರಾಕ್ಷಿಯ ತಳಿಗಳು. ಸಾನ್ಸೆರ್, ಮೊರ್ಗೋನ್, ಬರೋಲೋ ಜಾಗಗಳು. ಯುರೋಪಿನ ಹಳೆಯ ಪ್ರದೇಶಗಳಲ್ಲಿ ಯಾವ ಜಾಗದ ಹೆಸರಿನಲ್ಲಿ ಯಾವ ದ್ರಾಕ್ಷಿಯ ವೈನ್ ಮಾರಬಹುದೆಂದು ಕಾನೂನೇ ನಿಗದಿ ಮಾಡಿದೆ. ಆದ್ದರಿಂದ ಜಾಗ ಹೇಳಿದರೆ ದ್ರಾಕ್ಷಿ ಹೇಳಿದಂತೆಯೇ ಎಂದು ಅಲ್ಲಿಯವರ ಲೆಕ್ಕ. ಬಿಳಿ ಸಾನ್ಸೆರ್ ಅಂದರೆ ಸೊವಿನ್ಯೋಂ ಬ್ಲಾಂ, ಶಾಬ್ಲಿ ಅಂದರೆ ಶಾರ್ಡನೇ, ಬರೋಲೋ ಅಂದರೆ ನೆಬ್ಬಿಯೋಲೋ, ಮೊರ್ಗೋನ್ ಅಂದರೆ ಗಮೇ. ಇಂಥ ಜೋಡಿಗಳನ್ನು ಒಂದು ಹತ್ತು ತಿಳಿದಿಟ್ಟುಕೊಂಡರೆ ಬಹುತೇಕ ಪಟ್ಟಿಗಳು ಬಾಯಿಬಿಡುತ್ತವೆ. ಎಲ್ಲವನ್ನೂ ಕಂಠಪಾಠ ಮಾಡುವ ಅಗತ್ಯ ಖಂಡಿತ ಇಲ್ಲ. ಗೊತ್ತಿಲ್ಲದ ಹೆಸರಿದ್ದರೆ ಬಡಿಸುವವರನ್ನು ಕೇಳುವುದರಲ್ಲಿ ಸಂಕೋಚ ಏಕೆ?

ದ್ರಾಕ್ಷಿ ತಿಳಿದ ಮೇಲೆ ಜರಡಿ ಹಿಡಿಯೋಣ. ನೆಬ್ಬಿಯೋಲೋ ಹುಳಿಯಲ್ಲಿ ಸೊಗಸು, ಆದರೆ ಒಗರು ಬಹಳ. ಬರೋಲೋ ಬಿತ್ತು. ನಾಪಾದ ಕಬರ್ನೆಯಲ್ಲಿ ಒಗರೂ ಹೆಚ್ಚು, ಆಲ್ಕೋಹಾಲೂ ಹೆಚ್ಚು. ಅದೂ ಬಿತ್ತು. ಮಾಲ್ಬೆಕ್ ಕುರಿಮಾಂಸಕ್ಕೆ ಒಳ್ಳೆಯದೇ, ಇಡೀ ಮೇಜಿಗಲ್ಲ. ಗಮೇ ದ್ರಾಕ್ಷಿಯಲ್ಲಿ ಹುಳಿ ಚೆನ್ನಾಗಿರುತ್ತದೆ, ಒಗರು ಕಡಿಮೆ. ಮೊರ್ಗೋನ್ ಬೋಜೊಲೆಯ ಹತ್ತು ವಿಶೇಷ ಗ್ರಾಮಗಳಲ್ಲಿ ಒಂದು, ಅಲ್ಲಿಯ ವೈನಿಗೆ ಆ ಪ್ರದೇಶದ ಸಾಮಾನ್ಯ ವೈನಿಗಿಂತ ತುಸು ಮೈ ಜಾಸ್ತಿ. ಅಣಬೆಗೆ ಅದು ಬಲು ಚೆನ್ನ, ಕುರಿಮಾಂಸಕ್ಕೆ ಸಾಲುತ್ತದೆ, ಸ್ವಲ್ಪ ತಣ್ಣಗೆ ಮಾಡಿದರೆ ಮೀನಿಗೂ ತೊಂದರೆ ಕೊಡುವುದಿಲ್ಲ. ಬಿಳಿಯಲ್ಲಿ ಮಸ್ಕಡೆ ಮೀನಿಗೆಂದೇ ಹುಟ್ಟಿದಂತಿದೆ, ಆದರೆ ಖಾರದ ಮುಂದೆ ತೆಳ್ಳಗಾಗುತ್ತದೆ. ಮೋಸೆಲ್‌ನ ಕಬಿನೆಟ್ ಎಂಬ ಹಗುರ ದರ್ಜೆಯ ರೀಸ್ಲಿಂಗ್‌ನಲ್ಲಿ ಹುಳಿ ಚುರುಕು, ಸಾಮಾನ್ಯವಾಗಿ ತುಸು ಸಿಹಿ ಉಳಿದಿರುತ್ತದೆ, ಆಲ್ಕೋಹಾಲ್ ಎಷ್ಟೋ ಸಲ ಶೇ. 8ರಿಂದ 10ರೊಳಗೆ. ಮೀನು, ಖಾರ ಎರಡೂ ಅದಕ್ಕೆ ಒಪ್ಪುತ್ತವೆ. ಒಂದು ಎಚ್ಚರಿಕೆ: ಲೇಬಲ್ಲಿನ ಮೇಲೆ ‘ಟ್ರೋಕನ್’ ಎಂದಿದ್ದರೆ ಅದರಲ್ಲಿ ಸಿಹಿ ಇಲ್ಲವೆಂದೇ ಅರ್ಥ, ಆಗ ಖಾರಕ್ಕೆ ನಾವು ಬಯಸಿದ ತಂಪು ಸಿಗದು.

ಒಂಬತ್ತು ಸಾಲುಗಳಲ್ಲಿ ಎರಡು ಉಳಿದವು. ಇನ್ನು ದುಡ್ಡಿನ ಮಾತು.

ರೆಸ್ಟೋರೆಂಟುಗಳು ವೈನಿನ ಬೆಲೆ ಏರಿಸುವುದನ್ನು ಈ ವ್ಯಾಪಾರದಲ್ಲಿ ಮಾರ್ಕಪ್ ಅನ್ನುತ್ತಾರೆ. ಸಗಟು ದರದಲ್ಲಿ ಕೊಂಡ ಬಾಟಲಿಗೆ ಸುಮಾರು ಎರಡೂವರೆಯಿಂದ ಮೂರು ಪಟ್ಟು ಹಾಕುವುದು ಎಷ್ಟೋ ಕಡೆ ವಾಡಿಕೆ. ನಮ್ಮ ಪಟ್ಟಿಯ 300ರ ಮೆರ್ಲೋ ಅವರಿಗೆ ಬಿದ್ದದ್ದು 100 ಇರಬಹುದು. ಉಳಿದ 200ರಲ್ಲಿ ಬಾಡಿಗೆ, ಸಂಬಳ, ಒಡೆಯುವ ಗ್ಲಾಸುಗಳು, ತಿಂಗಳುಗಟ್ಟಲೆ ಕಪಾಟಿನಲ್ಲಿ ಮಲಗಿರುವ ಬಾಟಲಿಗಳಿಗೆ ಕಟ್ಟಿಹಾಕಿದ ಬಂಡವಾಳ ಎಲ್ಲವೂ ಬರಬೇಕು. ಅಡುಗೆಯಲ್ಲಿ ಸಿಗುವ ಲಾಭ ತೀರ ತೆಳುವಾದ ಕಡೆ ಅದನ್ನು ತುಂಬಿಕೊಡುವುದೂ ವೈನೇ. ಇದನ್ನು ಸುಲಿಗೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನಿಂದಾಗದು.

ಆದರೆ ಮಾರ್ಕಪ್ ಎಲ್ಲ ಸಾಲಿಗೂ ಒಂದೇ ಇರುವುದಿಲ್ಲ. ದುಬಾರಿ ಬಾಟಲಿಗೆ ಪಟ್ಟು ಇಳಿಯುತ್ತ ಹೋಗುವುದು ಸಾಮಾನ್ಯ, ಇಲ್ಲದಿದ್ದರೆ ಅದನ್ನು ಯಾರೂ ಕೊಳ್ಳುವುದಿಲ್ಲ. ಮೆರ್ಲೋ ಮೂರು ಪಟ್ಟು, ಅಂದರೆ ಕೊಂಡದ್ದು 100, ಮಾರಿದ್ದು 300. ಮೊರ್ಗೋನ್ ಎರಡೂವರೆ ಪಟ್ಟು, ಕೊಂಡದ್ದು 200, ಮಾರಿದ್ದು 500. ಬರೋಲೋ ಎರಡೇ ಪಟ್ಟು, ಕೊಂಡದ್ದು 600, ಮಾರಿದ್ದು 1,200. ಇದರಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟು ಕಡಿಮೆ ಎಂದು ಬರೋಲೋ ಅಗ್ಗವಾಗುವುದಿಲ್ಲ, ವೈನಿನ ಮೇಲೆ ನೀವು ಕೊಡುವ ಹೆಚ್ಚುವರಿ ಹಣ ಅಲ್ಲಿ 600. ನಿಜವಾಗಿ ನೋಡಬೇಕಾದದ್ದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಏರಿದಾಗ ಏನು ಸಿಗುತ್ತದೆ ಎಂಬುದನ್ನು. ಮೆರ್ಲೋನಿಂದ ಮೊರ್ಗೋನ್‌ಗೆ ಹೋದರೆ ನಿಮ್ಮ ಕೈಯಿಂದ ಹೆಚ್ಚು ಹೋಗುವುದು 200, ಗ್ಲಾಸಿನೊಳಗಿನ ವೈನಿನ ಮೂಲಬೆಲೆ ಎರಡರಷ್ಟಾಗುತ್ತದೆ. ಆ ಮೆಟ್ಟಿಲು ಹತ್ತುವುದು ಸಾರ್ಥಕ. ಅಲ್ಲಿಂದ ಬರೋಲೋಗೆ 700 ಹೆಚ್ಚು, ಅದೂ ಈ ಊಟಕ್ಕೆ ಒಗ್ಗದ ವೈನಿಗೆ.

ಪಟ್ಟಿಯಲ್ಲಿ ಎರಡನೆಯ ಅತಿ ಅಗ್ಗದ ವೈನಿಗೇ ಹೆಚ್ಚು ಮಾರ್ಕಪ್ ಹಾಕಿರುತ್ತಾರೆ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಅತಿ ಅಗ್ಗದ್ದನ್ನು ಹೇಳಲು ನಾಚುವವರು ಅದರ ಮೇಲಿನದನ್ನು ಹೇಳುತ್ತಾರೆ, ಅದು ಮಾಲೀಕರಿಗೆ ಗೊತ್ತು ಎಂಬುದು ಅದರ ತರ್ಕ. 2021ರಲ್ಲಿ ಹೊರಬಂದ ಒಂದು ಅಧ್ಯಯನ ಲಂಡನ್ನಿನ ಇನ್ನೂರಕ್ಕೂ ಹೆಚ್ಚು ರೆಸ್ಟೋರೆಂಟುಗಳ ಪಟ್ಟಿಗಳನ್ನು ತಾಳೆ ನೋಡಿತು. ಶೇಕಡಾವಾರು ಮಾರ್ಕಪ್ ಅತ್ಯಧಿಕ ಕಂಡದ್ದು ಪಟ್ಟಿಯ ನಡುಮಧ್ಯದ ವೈನುಗಳಲ್ಲಿ, ಎರಡನೆಯ ಅಗ್ಗದ್ದರಲ್ಲಿ ಅಲ್ಲ. ಹಾಗಾಗಿ ಯಾವ ಸಾಲಿನಲ್ಲಿದೆ ಎನ್ನುವುದನ್ನೇ ನಂಬಿ ವೈನ್ ಆರಿಸುವುದು, ಬಿಡುವುದು ಎರಡೂ ತಪ್ಪು.

ಬದಲಿಗೆ ಅಂಗಡಿ ಬೆಲೆ ನಿಮಗೆ ಗೊತ್ತಿರುವ ಒಂದೇ ಒಂದು ವೈನನ್ನು ಪಟ್ಟಿಯಲ್ಲಿ ಹುಡುಕಿ. ಅಂಗಡಿಯಲ್ಲಿ 140 ಇರುವುದು ಇಲ್ಲಿ 300 ಇದ್ದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಇದು ಸಾಧಾರಣ. ಅಂಗಡಿಯವರೂ ಸಗಟು ಬೆಲೆಯ ಮೇಲೆ ತಮ್ಮ ಪಾಲು ಸೇರಿಸಿರುತ್ತಾರಲ್ಲ, ಹಾಗಾಗಿ ಸಗಟಿನ ಮೂರು ಪಟ್ಟು ಅಂಗಡಿ ಬೆಲೆಯ ಸುಮಾರು ಎರಡು ಪಟ್ಟಿನ ಆಸುಪಾಸು ಬರುತ್ತದೆ. ಅದೇ ವೈನ್ ಇಲ್ಲಿ 500 ಎಂದಿದ್ದರೆ ಆ ಇಡೀ ಪಟ್ಟಿಯನ್ನೇ ಎಚ್ಚರದಿಂದ ಓದಬೇಕು.

ಇನ್ನೊಂದು ವ್ಯತ್ಯಾಸ ಹೆಸರಿನದು. ಸಾನ್ಸೆರ್ ಎಂದರೆ ಊಟಕ್ಕೆ ಬಂದವರಲ್ಲಿ ಅನೇಕರು ಗುರುತು ಹಿಡಿಯುತ್ತಾರೆ, ಆ ಗುರುತಿಗೂ ಬೆಲೆಯಿದೆ. ಅದರ ಪಕ್ಕದಲ್ಲೇ ಇರುವ ಮನೆತೂ ಸಲೋನ್‌ನ ಬಿಳಿ ವೈನೂ ಅದೇ ದ್ರಾಕ್ಷಿಯದು, ಹೆಸರು ಮಾತ್ರ ಅಷ್ಟು ಪರಿಚಿತವಲ್ಲ. ಉಚ್ಚರಿಸಲು ತಡವರಿಸುವ ಹೆಸರುಗಳ ಕಡೆ ನನ್ನ ಕಣ್ಣು ಮೊದಲು ಹೋಗುವುದು ಇದೇ ಕಾರಣಕ್ಕೆ. ಯಾರೂ ಕೇಳದ ವೈನನ್ನು ಪಟ್ಟಿಗೆ ಸೇರಿಸಿದ್ದಾರೆ ಎಂದರೆ, ಅಲ್ಲಿಯ ಯಾರೋ ಒಬ್ಬರು ಅದನ್ನು ಕುಡಿದು ಮೆಚ್ಚಿರುವ ಸಂಭವ ಹೆಚ್ಚು.

ಗ್ಲಾಸಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಲೇಬೇಕು. ಬಾಟಲಿಯಲ್ಲಿ 750 ಮಿಲಿಲೀಟರ್ ಇರುತ್ತದೆ. ಗ್ಲಾಸಿಗೆ 150 ಹಾಕಿದರೆ ಐದು ಗ್ಲಾಸ್, 125 ಹಾಕಿದರೆ ಆರು. ನಮ್ಮ ಮೆರ್ಲೋ ಗ್ಲಾಸಿಗೆ 80 ಎಂದರೆ ಐದು ಗ್ಲಾಸಿಗೆ 400, ಬಾಟಲಿಗೋ 300. ತೆರೆದ ಬಾಟಲಿ ಎರಡು ಮೂರು ದಿನದಲ್ಲಿ ಗಾಳಿ ತಾಗಿ ಕೆಡುತ್ತದೆ, ಮಾರಾಟವಾಗದೆ ಚೆಲ್ಲುವುದರ ಖರ್ಚೂ ಗ್ಲಾಸಿನ ಮೇಲೆಯೇ ಬೀಳುತ್ತದೆ. ಒಬ್ಬರಿಗೆ ಮಾತ್ರ ಬೇರೆ ಬೇಕಾದಾಗ ಗ್ಲಾಸು ಸರಿ. ನಾಲ್ಕೂ ಜನ ಅದನ್ನೇ ನಂಬಿದರೆ ಹೇಗೆ? ತಲಾ ಎರಡು ಗ್ಲಾಸ್, ಅರ್ಧ 80ರದು ಅರ್ಧ 120ರದು ಎಂದುಕೊಳ್ಳಿ. ಎಂಟು ಗ್ಲಾಸಿಗೆ 800. ನಾವು ಜರಡಿ ಹಿಡಿದು ಉಳಿಸಿಕೊಂಡ ರೀಸ್ಲಿಂಗ್ 440, ಮೊರ್ಗೋನ್ 500, ಎರಡೂ ಸೇರಿ 940. ಅದರಲ್ಲಿ ಹತ್ತು ಗ್ಲಾಸುಗಳಿವೆ, ಒಂದಕ್ಕೆ 94. ಗ್ಲಾಸಿನ ಸರಾಸರಿ 100ಕ್ಕಿಂತ ಇದು ಕಡಿಮೆ, ವೈನ್ ಮಾತ್ರ ಎಷ್ಟೋ ಮೇಲು. ತಲಾ ಎರಡೂವರೆ ಗ್ಲಾಸು ಹೆಚ್ಚಾಯಿತು ಎನ್ನುವವರಿದ್ದರೆ ಮೊರ್ಗೋನ್ ಒಂದನ್ನೇ ತರಿಸಿ, ಮೀನು ಹೇಳಿದವರಿಗೆ ಒಂದು ಗ್ಲಾಸ್ ಪಿನೋ ಗ್ರೀಜಿಯೋ ಸೇರಿಸಿದರೆ 580ರಲ್ಲಿ ಮುಗಿಯುತ್ತದೆ. ಖಾರದ ಕೋಳಿಯವರಿಗೆ ಸ್ವಲ್ಪ ಅನ್ಯಾಯವಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಡಿಸುವವರ ಜೊತೆ, ಅಥವಾ ವೈನಿಗೆಂದೇ ಇರುವ ಸೊಮೆಲಿಯೇ ಇದ್ದರೆ ಅವರ ಜೊತೆ, ಮಾತಾಡುವಾಗ “ಯಾವುದು ಚೆನ್ನಾಗಿದೆ?” ಎಂದು ಕೇಳಿದರೆ ಉಪಯೋಗ ಕಡಿಮೆ. ಎಲ್ಲವೂ ಚೆನ್ನಾಗಿದೆ ಎಂದೇ ಅವರು ಹೇಳಬೇಕಾಗುತ್ತದೆ. ನಾನು ಪಟ್ಟಿಯಲ್ಲಿ ಮೊರ್ಗೋನ್‌ನ ಬೆಲೆಯ ಮೇಲೆ ಬೆರಳಿಟ್ಟು, “ನೋಡಿ, ಮೀನು, ಅಣಬೆ, ಕುರಿ, ಖಾರದ ಕೋಳಿ ಹೇಳಿದ್ದೀವಿ. ಒಗರು ಕಡಿಮೆ, ಹುಳಿ ಚೆನ್ನಾಗಿರೋ ಕೆಂಪು ಬೇಕು, ಹೆಚ್ಚುಕಡಿಮೆ ಇಷ್ಟರಲ್ಲಿ. ಇದು ನಡೆಯುತ್ತಾ, ಇಲ್ಲ ಬೇರೆ ಏನಾದರೂ ಹೇಳ್ತೀರಾ?” ಎನ್ನುತ್ತೇನೆ. ಮೇಜಿನಲ್ಲಿ ಬೇರೆಯವರಿಗೆ ಮೊತ್ತ ಕೇಳಿಸದೆಯೇ ನಿಮ್ಮ ಮಿತಿ ಅವರಿಗೆ ತಿಳಿಯುತ್ತದೆ. ಅವರು ಅದಕ್ಕಿಂತ ಅಗ್ಗದ್ದನ್ನು ತೋರಿಸಿದರೆ ಅವರ ಮಾತನ್ನು ನಂಬಿ, ನಾನು ಪ್ರತಿಸಲ ನಂಬುತ್ತೇನೆ. ಕಾರಣ ಕೊಡದೆ ಎರಡರಷ್ಟು ಬೆಲೆಯದರ ಕಡೆ ಬೆರಳು ಜಾರಿಸಿದರೆ ಧನ್ಯವಾದ ಹೇಳಿ ನಿಮ್ಮ ಆಯ್ಕೆಗೇ ಅಂಟಿಕೊಳ್ಳಿ.

ಬಾಟಲಿ ಬಂದಾಗ ತೆರೆಯುವ ಮೊದಲು ಲೇಬಲ್ ತೋರಿಸುತ್ತಾರೆ. ಹೆಸರಿನ ಜೊತೆ ವರ್ಷವನ್ನೂ ಓದಿ. ಪಟ್ಟಿಯಲ್ಲಿದ್ದ ವರ್ಷ ಮುಗಿದು ಬೇರೆ ವರ್ಷದ್ದು ಬಂದಿರುವುದು ಆಗಾಗ ಕಾಣುವ ತಪ್ಪು. ಆಮೇಲೆ ಸ್ವಲ್ಪ ಸುರಿದು ನಿಮಗೆ ಕೊಡುವುದು ಇಷ್ಟವಾಯಿತೇ ಎಂದು ತಿಳಿಯಲಿಕ್ಕಲ್ಲ, ವೈನ್ ಕೆಟ್ಟಿಲ್ಲವಷ್ಟೇ ಎಂದು ನೋಡಲು. ಮೂಸಿದರೆ ಸಾಕು. ಒದ್ದೆಯಾದ ರಟ್ಟಿನ ಪೆಟ್ಟಿಗೆಯ, ಬೂಸಲು ಹಿಡಿದ ನೆಲಮಾಳಿಗೆಯ ವಾಸನೆ ಬಂದರೆ ಅದು ಬಹುಮಟ್ಟಿಗೆ ಬಿರಡೆಯ ದೋಷ, ಟಿಸಿಎ ಎಂಬ ರಾಸಾಯನಿಕದ್ದು. ಅದರ ತೀರ ಸಣ್ಣ ಪ್ರಮಾಣವೂ ಹಣ್ಣಿನ ಸುವಾಸನೆಯನ್ನು ಅಳಿಸಿಹಾಕುತ್ತದೆ. ಗಾಳಿ ಆಡಿದರೆ ಅದು ಹೋಗುವುದಿಲ್ಲ, ಕಾದಷ್ಟೂ ಎದ್ದು ಕಾಣುತ್ತದೆ. “ಇದು ಯಾಕೋ ಬೂಸಲು ವಾಸನೆ ಬರ್ತಿದೆ, ಒಮ್ಮೆ ನೀವೂ ನೋಡ್ತೀರಾ?” ಎಂದು ಗ್ಲಾಸ್ ಅವರ ಕೈಗೆ ಕೊಡಿ. ಒಳ್ಳೆಯ ಕಡೆ ಮರುಮಾತಿಲ್ಲದೆ ಬೇರೆ ಬಾಟಲಿ ತರುತ್ತಾರೆ.

ಮೊರ್ಗೋನ್ ಕೋಣೆಯ ಬಿಸಿಗೆ ಬೆಚ್ಚಗಾಗಿ ಬಂದಿದ್ದರೆ ಮಂಜುಗಡ್ಡೆ, ನೀರು ಎರಡೂ ಇರುವ ಬಕೆಟ್ ಕೇಳಿ ಹತ್ತು ಹದಿನೈದು ನಿಮಿಷ ಇಡಿಸಿ. 13-14 ಡಿಗ್ರಿಯಲ್ಲಿ ಅದರ ಹುಳಿ ಎದ್ದುಬಂದು ಆಲ್ಕೋಹಾಲಿನ ಕಾವು ಅಡಗುತ್ತದೆ, ಮೀನಿನ ಪಕ್ಕ ಅದು ಕೂರಲು ಸಾಧ್ಯವಾಗುವುದು ಆ ತಂಪಿನಲ್ಲೇ. ರೀಸ್ಲಿಂಗನ್ನು ಮೊದಲು ಸುರಿಯಿರಿ, ಮೀನು ಮತ್ತು ಕೋಳಿಯವರಿಗೆ ಅದರಲ್ಲಿ ಹೆಚ್ಚಿನ ಪಾಲು. ಅಣಬೆ, ಕುರಿಮಾಂಸ ಬರುವ ಹೊತ್ತಿಗೆ ಮೊರ್ಗೋನ್. ಗ್ಲಾಸುಗಳನ್ನು ಅಂಚಿನವರೆಗೆ ತುಂಬಿಸುತ್ತಾ ಹೋಗದಂತೆ ಬಡಿಸುವವರಿಗೆ ಮೆಲ್ಲಗೆ ಹೇಳಿ, ಇಲ್ಲದಿದ್ದರೆ ಮುಖ್ಯ ಖಾದ್ಯ ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿ ಮೂರನೆಯದರ ಪ್ರಶ್ನೆ ಏಳುತ್ತದೆ. ಸಿಹಿ ಖಾದ್ಯ ಮೇಜಿಗೆ ಬರುವ ಮುನ್ನ ಮೊರ್ಗೋನ್ ಮುಗಿಸಿಬಿಡಿ. ತಿನಿಸು ವೈನಿಗಿಂತ ಸಿಹಿಯಾದಾಗ ಎಂಥ ಒಳ್ಳೆಯ ವೈನೂ ಬರೀ ಹುಳಿ ನೀರಿನಂತೆ ರುಚಿಸುತ್ತದೆ. ಕಬಿನೆಟ್‌ನ ತುಸು ಸಿಹಿಯೂ ಆಗ ಸಾಲುವುದಿಲ್ಲ.